ಮೊಳಕೆ ಕಾಳಿಗೆ ಏಳು ನಿಮಿಷದ ಹಬೆ

ಹೋದ ತಿಂಗಳು ದೆಹಲಿ ಬಿಸಿಲಿಗೆ ದೋಸೆ ಹಿಟ್ಟು ಹೇಗೆ ನಾಲ್ಕೇ ಗಂಟೆಯಲ್ಲಿ ಉಕ್ಕಿ ಪಾತ್ರೆಯಿಂದ ಹೊರಗೆ ಬರುತ್ತದೆ ಅಂತ ಬರೆದಿದ್ದೆ. ಅದನ್ನು ಓದಿ ದ್ವಾರಕಾದಿಂದ ಒಬ್ಬರು ಕೇಳಿದ್ದಾರೆ: "ಹಿಟ್ಟಿನ ಕಥೆ ಸರಿ, ಮೊಳಕೆ ಕಾಳಿನದ್ದೇನು? ದಿನಾ ಬೆಳಿಗ್ಗೆ ಒಂದು ಬಟ್ಟಲು ಹಸಿ ಹೆಸರುಕಾಳು ತಿನ್ನುತ್ತೇವೆ. ಬೇಯಿಸಿದರೆ ಸತ್ವ ಹೋಗುತ್ತದೆ ಅಂತಾರೆ. ಹಸಿಯಾಗಿ ತಿಂದರೆ ತೊಂದರೆ ಇದೆಯೇ?"

ಇದೆ. ನಮ್ಮ ಮನೆಯಲ್ಲಿ ಆಗಿದೆ, ಹಾಗಾಗಿ ಈ ಸಲ ಅದನ್ನೇ ಬರೆಯುತ್ತೇನೆ.

ಎರಡು ವರ್ಷದ ಹಿಂದೆ ಜುಲೈನಲ್ಲಿ ಅಪ್ಪ ಅಮ್ಮ ಹಾಸನದಿಂದ ನೊಯ್ಡಾಕ್ಕೆ ಬಂದಿದ್ದರು. ಅಪ್ಪನಿಗೆ ಎಪ್ಪತ್ತೊಂದು, ಸಕ್ಕರೆ ಕಾಯಿಲೆ ಹದಿನೈದು ವರ್ಷದಿಂದ. ಬೆಳಗಿನ ವಾಕಿಂಗ್‌ನಲ್ಲಿ ಸೊಸೈಟಿಯ ಯಾರೋ ಹಿರಿಯರು ಮೊಳಕೆ ಬರಿಸಿದ ಹೆಸರುಕಾಳು, ಮೆಂತ್ಯ ಹಸಿಯಾಗಿ ತಿಂದರೆ ಶುಗರ್ ಇಳಿಯುತ್ತದೆ ಅಂದಿದ್ದಾರೆ. ಮಾರನೇ ದಿನದಿಂದ ನಾನೇ ಉತ್ಸಾಹದಿಂದ ಮಾಡಿಕೊಟ್ಟೆ. ಶುಕ್ರವಾರ ರಾತ್ರಿ ನೆನೆಹಾಕಿದ್ದು, ಶನಿವಾರ ಒದ್ದೆ ಬಟ್ಟೆಯಲ್ಲಿ ಕಟ್ಟಿ ಸಿಂಕ್ ಪಕ್ಕದಲ್ಲೇ ಇಟ್ಟಿದ್ದು, ಭಾನುವಾರ ಸಂಜೆ ಉದ್ದ ಮೊಳಕೆ ಬಂದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್‌ಗೆ ಸೇರಿಸಿದ್ದು. ಮುಂದಿನ ಮೂರು ದಿನ ಅದನ್ನೇ ಈರುಳ್ಳಿ, ನಿಂಬೆಹುಳಿ ಹಾಕಿ ತಿಂದೆವು. ಅಮ್ಮ ಮಾತ್ರ ಮುಟ್ಟಲಿಲ್ಲ. "ಹಸೀ ಕಾಳು ದನ ತಿಂದಂಗೆ ತಿಂತೀರಲ್ಲೋ, ವಾಯು ಆಗುತ್ತೆ" ಅಂತ ಬೈದು ತನ್ನ ಪಾಲಿಗೆ ಅನ್ನ ಸಾರು ಮಾಡಿಕೊಂಡಳು.

ಗುರುವಾರ ನನಗೆ ಒಂದು ದಿನ ಭೇದಿಯಾಗಿ ನಿಂತಿತು. ಅಪ್ಪನಿಗೆ ನಿಲ್ಲಲಿಲ್ಲ. ಜ್ವರ 102 ದಾಟಿತು, ಎರಡನೇ ದಿನಕ್ಕೆ ನಾಲಿಗೆ ಒಣಗಿ ಮಾತು ತೊದಲತೊಡಗಿತು. ಆಸ್ಪತ್ರೆಯಲ್ಲಿ ಐದು ದಿನ ಡ್ರಿಪ್. ಮಲದ ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಅಂತ ಬಂತು. ಡಾಕ್ಟರು ಹೊರಗಡೆ ಏನು ತಿಂದಿರಿ ಅಂತ ಕೇಳಿದರು. ಹೊರಗಡೆ ಏನೂ ಇಲ್ಲ, ಮೊಟ್ಟೆ, ಕೋಳಿ ನಮ್ಮ ಮನೆಯಲ್ಲಿ ಇಲ್ಲ. "ಹಸಿ ಏನಾದರೂ?" ಅಂದಾಗ ಮೊಳಕೆ ಕಾಳು ನೆನಪಾಯಿತು. ಡಬ್ಬಿ ಆಗಲೇ ತೊಳೆದಾಗಿತ್ತು, ಕಾಳಿನಿಂದಲೇ ಬಂತು ಅಂತ ನಾನು ಸಾಬೀತು ಮಾಡಲಾರೆ. ಆದರೆ ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನು ನೋಡಿದರೆ, ಮನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ ನಾನು ಮಾಡಿದ್ದಕ್ಕಿಂತ ಒಳ್ಳೆಯ ವಿಧಾನ ಇನ್ನೊಂದಿಲ್ಲ.

ಮೊದಲು ಕಾಳಿನಿಂದಲೇ ಶುರು ಮಾಡೋಣ. ಅಂಗಡಿಯ ಹೆಸರುಕಾಳು ನೋಡಲು ಎಷ್ಟೇ ಹೊಳೆಯುತ್ತಿರಲಿ, ಅದು ಹೊಲದಿಂದ ಬಂದ ಬೀಜ. ಹೊಲದಲ್ಲಿ ಗೊಬ್ಬರ ಇದೆ, ಕೊಳಚೆ ಬೆರೆತ ನೀರು ಇರಬಹುದು, ಗೋದಾಮಿನಲ್ಲಿ ಇಲಿ, ಪಾರಿವಾಳ ಇರುತ್ತವೆ. ಅವುಗಳ ಹಿಕ್ಕೆಯಿಂದ ಸಾಲ್ಮೊನೆಲ್ಲಾ, ಇ. ಕೋಲೈ ಥರದವು ಬೀಜದ ಮೇಲೆ ಕೂರುತ್ತವೆ. ಒಣ ಬೀಜದಲ್ಲಿ ಅವು ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ಸಿಪ್ಪೆಯ ಸಣ್ಣ ಬಿರುಕಿನಲ್ಲಿ, ಹೊಕ್ಕುಳಿನ ಹತ್ತಿರದ ಸಂದಿನಲ್ಲಿ ಕೂತು ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಕಾಯುತ್ತವೆ. ಮಾರುವವನ ತಪ್ಪು ಅನ್ನುವಂತೆಯೂ ಇಲ್ಲ. ಬೇಳೆಕಾಳನ್ನು ಮಾರುವುದೇ ಕೊಂಡವರು ಬೇಯಿಸುತ್ತಾರೆ ಎಂಬ ನಂಬಿಕೆಯ ಮೇಲೆ. ಹಸಿ ತಿನ್ನುತ್ತೇವೆ ಅಂತ ನಾವು ತೀರ್ಮಾನಿಸಿದ್ದು ಅವನಿಗೆ ಗೊತ್ತಿಲ್ಲ.

ಈಗ ಆ ಬೀಜವನ್ನು ನೆನೆಹಾಕುತ್ತೇವೆ. ಬೀಜ ಊದಿಕೊಂಡು, ಒಳಗಿನ ಸಕ್ಕರೆ, ಪ್ರೋಟೀನ್ ಸ್ವಲ್ಪ ಸ್ವಲ್ಪ ನೀರಿಗೆ ಸೋರುತ್ತದೆ. ಆ ನೀರು ಮಂಕಾಗಿ ನೊರೆ ಬರುವುದು ಅದಕ್ಕೇ. ಮೇಲೆ ತೇವ, ಮುಚ್ಚಿದ ಬಟ್ಟೆ, ಮೂವತ್ತು ಡಿಗ್ರಿ ಚಿಲ್ಲರೆ ಶಾಖ. ಮೊಳಕೆಗೆ ಏನು ಬೇಕೋ ಬ್ಯಾಕ್ಟೀರಿಯಾಕ್ಕೂ ಅದೇ ಬೇಕು. ಹಿತವಾದ ಶಾಖದಲ್ಲಿ ಅವು ಅರ್ಧ ಗಂಟೆಗೊಮ್ಮೆಯೂ ಇಮ್ಮಡಿಯಾಗಬಲ್ಲವು. ನಾವು ಉದಾರವಾಗಿ ಗಂಟೆಗೊಮ್ಮೆ ಅಂತ ಇಟ್ಟುಕೊಳ್ಳೋಣ. ಒಂದೇ ಒಂದು ಜೀವಕೋಶದಿಂದ ಶುರುವಾದರೂ 24 ಗಂಟೆಗೆ ಎರಡರ ಇಪ್ಪತ್ತನಾಲ್ಕನೇ ಘಾತ, ಅಂದರೆ 1,67,77,216. ನನ್ನಂತೆ ಸ್ಕ್ರೀನಿನ ಬಣ್ಣದ ಕೋಡ್‌ಗಳ ಜೊತೆ ಹೆಣಗಿದವರಿಗೆ ಈ ಸಂಖ್ಯೆ ಪರಿಚಯ ಇರುತ್ತದೆ. ನಿಜವಾದ ಕಾಳಿನಲ್ಲಿ ಲೆಕ್ಕ ಇಷ್ಟು ನೇರವಾಗಿ ಹೋಗುವುದಿಲ್ಲ, ಜಾಗಕ್ಕೂ ಆಹಾರಕ್ಕೂ ಬೇರೆ ನಿರುಪದ್ರವಿ ಬ್ಯಾಕ್ಟೀರಿಯಾಗಳ ಪೈಪೋಟಿ ಇರುತ್ತದೆ, ಒಂದು ಹಂತಕ್ಕೆ ಬೆಳವಣಿಗೆ ನಿಲ್ಲುತ್ತದೆ. ಆದರೂ ಮೊದಲ ಒಂದೆರಡು ದಿನದಲ್ಲೇ ನೂರು ಪಟ್ಟು, ಸಾವಿರ ಪಟ್ಟು ಹೆಚ್ಚುವುದು ಮಾಮೂಲು.

ದೋಸೆ ಹಿಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಹಿಟ್ಟಿನಲ್ಲಿ ಹುಳಿ ಹುಟ್ಟುತ್ತದೆ, ಆ ಹುಳಿಯೇ ಕೆಟ್ಟ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಮತ್ತೆ ಅದನ್ನು ಕಾವಲಿಯ ಮೇಲೆ ಹುಯ್ಯುತ್ತೇವೆ. ಮೊಳಕೆ ಹುಳಿಯಾಗುವುದಿಲ್ಲ. ಹುಳಿಯಾಗುವ ಹೊತ್ತಿಗೆ ಅದು ಕೊಳೆತಿರುತ್ತದೆ.

ಕೋಸಂಬರಿಯ ಕಥೆ ಏನು ಅಂತ ಕೆಲವರು ಕೇಳುತ್ತೀರಿ. ಅದೂ ಹಸಿಯೇ. ಆದರೆ ಅಲ್ಲಿ ಸಿಪ್ಪೆ ತೆಗೆದ ಹೆಸರುಬೇಳೆ, ಒಂದೆರಡು ಗಂಟೆ ನೆನೆಸಿ, ಬಸಿದು, ಆಗಲೇ ತಿಂದು ಮುಗಿಸುತ್ತೇವೆ. ಬೆಳೆಯುವುದಕ್ಕೆ ಸಮಯ ಸಿಗುವುದಿಲ್ಲ. ರಾಮನವಮಿಗೆ ಬೆಳಿಗ್ಗೆ ಮಾಡಿದ ಕೋಸಂಬರಿಯನ್ನು ಸಂಜೆವರೆಗೆ ಬಿಸಿಲಲ್ಲಿಟ್ಟು ಹಂಚಿದರೆ ಅದು ಬೇರೆ ಮಾತು.

ಮೆಂತ್ಯದ ಬಗ್ಗೆ ಹೇಳಲೇಬೇಕಾದ ಒಂದು ಘಟನೆ ಇದೆ. 2011ರ ಮೇ ತಿಂಗಳಲ್ಲಿ ಉತ್ತರ ಜರ್ಮನಿಯಲ್ಲಿ ಇದ್ದಕ್ಕಿದ್ದಂತೆ ಜನ ರಕ್ತಭೇದಿಯಿಂದ ಆಸ್ಪತ್ರೆ ಸೇರತೊಡಗಿದರು. ಹೆಚ್ಚಿನವರು ಗಟ್ಟಿಮುಟ್ಟಾಗಿದ್ದ ವಯಸ್ಕರು, ಅದರಲ್ಲೂ ಹೆಂಗಸರು. ಕಾರಣ ಇ. ಕೋಲೈನ ಒಂದು ಅಪರೂಪದ ತಳಿ, ಒ104:ಎಚ್4. ಮೊದಲು ಸ್ಪೇನಿನ ಸೌತೆಕಾಯಿ ಮೇಲೆ ಆರೋಪ ಬಂತು, ಅಲ್ಲಿನ ರೈತರು ಟನ್ನುಗಟ್ಟಲೆ ತರಕಾರಿ ಎಸೆದರು. ಆಮೇಲೆ ಸೌತೆಕಾಯಿ ನಿರಪರಾಧಿ ಎಂದು ತಿಳಿಯಿತು.

ನಿಜವಾದ ಕಾರಣ ಸಿಕ್ಕ ರೀತಿ ನನಗೆ ಬಹಳ ಹಿಡಿಸಿತು, ಡೀಬಗ್ ಮಾಡುವವರು ಮೆಚ್ಚುವಂಥದ್ದು. ರೋಗಿಗಳನ್ನು ಏನು ತಿಂದಿರಿ ಅಂತ ಕೇಳಿದರೆ ಟೊಮೆಟೊ, ಸೌತೆ, ಸೊಪ್ಪು ಅನ್ನುತ್ತಿದ್ದರು. ಮೊಳಕೆ ಎಂದವರು ನಾಲ್ವರಲ್ಲಿ ಒಬ್ಬರಷ್ಟೇ. ತಟ್ಟೆಯ ಮೇಲೆ ಉದುರಿಸಿದ ಒಂದು ಚಿಟಿಕೆ ಮೊಳಕೆ ಯಾರಿಗೆ ನೆನಪಿರುತ್ತದೆ? ಅದೂ ಈ ತಳಿಯಲ್ಲಿ ತಿಂದು ಸುಮಾರು ಎಂಟು ದಿನದ ಮೇಲೆ ಕಾಯಿಲೆ ಬರುತ್ತಿತ್ತು. ಆಗ ಜರ್ಮನಿಯ ರಾಬರ್ಟ್ ಕಾಖ್ ಸಂಸ್ಥೆಯವರು ಜನರ ನೆನಪನ್ನು ಬಿಟ್ಟು ಒಂದು ರೆಸ್ಟೊರೆಂಟಿನ ಅಡುಗೆಮನೆಗೆ ಹೋದರು. ಯಾವ ಗುಂಪು ಯಾವ ದಿನ ಯಾವ ಖಾದ್ಯ ತರಿಸಿಕೊಂಡಿತ್ತು ಎಂಬುದನ್ನು ಬಿಲ್ಲುಗಳಿಂದ ತೆಗೆದು, ಯಾವ ಖಾದ್ಯಕ್ಕೆ ಏನೇನು ಹಾಕುತ್ತೀರಿ ಎಂದು ಅಡುಗೆಯವರನ್ನೇ ಕೇಳಿದರು. ಎಲ್ಲ ಗೆರೆಗಳೂ ಮೊಳಕೆಯಲ್ಲಿ ಬಂದು ಸೇರಿದವು. ಮೊಳಕೆ ಬಂದದ್ದು ಲೋವರ್ ಸ್ಯಾಕ್ಸನಿಯ ಬೀನೆನ್‌ಬ್ಯುಟೆಲ್ ಎಂಬ ಊರಿನ ಒಂದು ತೋಟದಿಂದ.

ಅಷ್ಟರಲ್ಲಿ ಜೂನ್‌ನಲ್ಲಿ ಫ್ರಾನ್ಸಿನ ಬೋರ್ದೋ ಪಕ್ಕದ ಬೇಗ್ಲ್ ಊರಿನಲ್ಲಿ ಅದೇ ತಳಿ ಕಾಣಿಸಿತು. ಇದು ನಮ್ಮ ಕಥೆಗೆ ಹತ್ತಿರ. ಅಲ್ಲಿ ಯಾವ ತೋಟವೂ ಇಲ್ಲ. ಮಕ್ಕಳ ಕೇಂದ್ರವೊಂದರ ಸಮಾರಂಭಕ್ಕೆ ಪೊಟ್ಟಣದ ಬೀಜ ತಂದು, ಅಲ್ಲೇ ಸಣ್ಣದಾಗಿ ಮೊಳಕೆ ಬರಿಸಿ, ತಣ್ಣನೆಯ ಸೂಪಿನ ಮೇಲೆ, ಹಸಿ ತರಕಾರಿಯ ಜೊತೆ ಹಸಿಯಾಗಿಯೇ ಬಡಿಸಿದ್ದರು. ಹದಿನೈದರಷ್ಟು ಜನ ಮಲಗಿದರು. ಜರ್ಮನಿಯ ತೋಟಕ್ಕೂ ಬೇಗ್ಲ್‌ನ ಪೊಟ್ಟಣಕ್ಕೂ ಸಮಾನವಾದದ್ದು ಒಂದೇ, ಮೆಂತ್ಯ ಬೀಜ. ಹುಡುಕುತ್ತಾ ಹೋದರೆ ಎರಡೂ ಈಜಿಪ್ಟಿನಿಂದ 2009ರ ಕೊನೆಯಲ್ಲಿ ಬಂದ ಒಂದೇ ಲಾಟಿಗೆ ಮುಟ್ಟಿದವು. ಅಂದರೆ ಒಂದೂವರೆ ವರ್ಷ ಆ ಬೀಜ ಒಣಗಿಕೊಂಡು ಚೀಲದಲ್ಲಿತ್ತು, ಬ್ಯಾಕ್ಟೀರಿಯಾವೂ ಜೊತೆಗೇ ಇತ್ತು. ಇನ್ನೊಂದು ವಿಚಿತ್ರ: ಉಳಿದ ಬೀಜಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಆ ತಳಿ ಸಿಗಲೇ ಇಲ್ಲ. ಚೀಲದಲ್ಲಿ ಎಲ್ಲೋ ಕೆಲವೇ ಬೀಜಗಳಲ್ಲಿ ಇದ್ದಿರಬೇಕು, ಉಳಿದ ಕೆಲಸ ಮೊಳಕೆಯೇ ಮಾಡಿತು. ಜರ್ಮನಿಯಲ್ಲಿ 3,800ಕ್ಕೂ ಹೆಚ್ಚು ಜನಕ್ಕೆ ಕಾಯಿಲೆಯಾಗಿ, 800ಕ್ಕೂ ಹೆಚ್ಚು ಮಂದಿಯ ಕಿಡ್ನಿಗೆ ಏಟು ಬಿದ್ದು, 50ಕ್ಕೂ ಹೆಚ್ಚು ಜನ ಸತ್ತರು.

ಅಪ್ಪನಿಗೆ ಇದನ್ನು ಹೇಳಿದಾಗ, "ಅದು ಜರ್ಮನಿ ಕಣೋ, ಅವರ ಹೊಟ್ಟೆ ಸೂಕ್ಷ್ಮ. ನಾವು ಚಿಕ್ಕಂದಿನಿಂದ ಮೊಳಕೆ ಕಾಳು ತಿಂದೇ ಬೆಳೆದಿಲ್ವಾ?" ಅಂದರು. ಅಮ್ಮ ಒಳಗಿನಿಂದಲೇ ಉತ್ತರ ಕೊಟ್ಟಳು: "ಹಸೀದು ಯಾವಾಗ ಹಾಕಿದ್ದೆ ನಾನು?"

ಅಮ್ಮ ಹೇಳಿದ್ದು ಸರಿ. ನಮ್ಮ ಕಡೆ ಹುರುಳಿಕಾಳು ಮೊಳಕೆ ಕಟ್ಟಿದರೆ ಅದು ಬಸ್ಸಾರಿಗೆ. ಹೆಸರುಕಾಳು, ಮಡಿಕೆಕಾಳು, ಅಲಸಂದೆ ಮೊಳಕೆ ಬಂದರೆ ಅದು ಮೊಳಕೆ ಕಾಳು ಸಾರಿಗೆ, ಇಲ್ಲ ಉಸಲಿಗೆ, ಇಲ್ಲ ಪಲ್ಯಕ್ಕೆ. ಬಟ್ಟೆ ಗಂಟು ಬಿಚ್ಚಿದ ಮೇಲೆ ಕಾಳು ಹೋಗುತ್ತಿದ್ದದ್ದು ಒಲೆಯ ಮೇಲಿನ ಪಾತ್ರೆಗೇ. ಅದನ್ನು ಬಟ್ಟಲಿಗೆ ಹಾಕಿ ಚಮಚ ಹಿಡಿದು ಕೂತದ್ದು ನಾವು, ಜಿಮ್ಮಿಗೆ, ಪಾರ್ಕಿಗೆ ಹೋಗಲು ಶುರು ಮಾಡಿದ ಮೇಲೆ.

ತೊಳೆದರೆ ಹೋಗುವುದಿಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಸ್ವಲ್ಪ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಬೇರು ಹೊರಡುವಾಗ ಬ್ಯಾಕ್ಟೀರಿಯಾ ಬೇರಿನ ರೋಮಗಳಿಗೆ ಅಂಟಿಕೊಂಡು, ತಮ್ಮ ಮೇಲೆ ತಾವೇ ಲೋಳೆಯ ಪೊರೆ ಕಟ್ಟಿಕೊಳ್ಳುತ್ತವೆ. ಕೆಲವು ಮೊಳಕೆಯ ಒಳಗೇ ಸೇರುತ್ತವೆ. ಅಮೆರಿಕದಲ್ಲಿ ಮೊಳಕೆ ಬೆಳೆದು ಮಾರುವವರು ಬೀಜವನ್ನು ಬಹಳ ಗಾಢವಾದ ಕ್ಲೋರಿನ್ ನೀರಿನಲ್ಲಿ ಅದ್ದುತ್ತಾರೆ, ಅದಕ್ಕೂ ಪೂರ್ತಿ ಖಾತರಿ ಇಲ್ಲ. ಹೀಗಿರುವಾಗ ಉಪ್ಪು, ಅರಿಶಿನ, ವಿನೆಗರ್, ನಿಂಬೆಹುಳಿ ಏನು ಮಾಡಿಯಾವು? ದಯವಿಟ್ಟು ಮನೆಯಲ್ಲಿ ಬ್ಲೀಚಿಂಗ್ ಪೌಡರ್ ಪ್ರಯೋಗ ಮಾಡಬೇಡಿ. ತೊಳೆಯುವುದರಿಂದ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ಕೊಲ್ಲುವುದು ಶಾಖ ಮಾತ್ರ. ಎರಡೂ ಬೇಕು. ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆಯಲು ಬಿಟ್ಟು ಆಮೇಲೆ ಬೇಯಿಸುತ್ತೇನೆ ಅನ್ನುವುದೂ ತಪ್ಪು, ಯಾಕೆಂದರೆ ಕೆಲವು ಬ್ಯಾಕ್ಟೀರಿಯಾ ಬಿಟ್ಟುಹೋಗುವ ವಿಷ ಬೇಯಿಸಿದರೂ ಹೋಗುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಮಾಡುವ ಕ್ರಮ. ಅಳತೆ ಒಂದು ಲೋಟ ಹೆಸರುಕಾಳು, ಅದು ಮೊಳೆತು ಎರಡೂವರೆ ಮೂರು ಲೋಟ ಆಗುತ್ತದೆ, ನಾಲ್ಕು ಜನಕ್ಕೆ ಸಾಕು. ಹೆಚ್ಚು ಮಾಡಿ ವಾರವಿಡೀ ಇಡುವ ಆಸೆ ಬಿಟ್ಟುಬಿಡಿ.

ಕಾಳನ್ನು ಮೊರಕ್ಕೆ, ಮೊರ ಇಲ್ಲದಿದ್ದರೆ ತಟ್ಟೆಗೆ ಸುರಿದು ಒಡೆದದ್ದು, ತೂತು ಬಿದ್ದದ್ದು, ಬಣ್ಣಗೆಟ್ಟದ್ದು ಆರಿಸಿ ತೆಗೆಯಿರಿ. ಒಡೆದ ಕಾಳು ಮೊಳೆಯುವುದಿಲ್ಲ, ಕೊಳೆಯುತ್ತದೆ, ಪಕ್ಕದವನ್ನೂ ಕೊಳೆಸುತ್ತದೆ. ನರ್ಸರಿಯಲ್ಲಿ ಬಿತ್ತನೆಗೆ ಮಾರುವ ಬೀಜ ಬೇಡವೇ ಬೇಡ, ಅದಕ್ಕೆ ಔಷಧಿ ಸವರಿರುತ್ತಾರೆ. ಆಮೇಲೆ ಕೈ ಸೋಪಿನಲ್ಲಿ ತೊಳೆದು, ಕಾಳನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ನೀರು ತಿಳಿಯಾಗುವವರೆಗೆ ನಾಲ್ಕು ಸಲ ತೊಳೆಯುತ್ತೇನೆ.

ಇಲ್ಲಿ ದೆಹಲಿಯವರ ಒಂದು ಸಮಸ್ಯೆ ಇದೆ. ಕುಡಿಯಲು ಆರ್‌ಓ ನೀರು, ಕಾಳು ತೊಳೆಯಲು ಸಿಂಕಿನ ನಲ್ಲಿ. ಆ ನಲ್ಲಿಗೆ ಬರುವುದು ಮಹಡಿಯ ಟ್ಯಾಂಕಿನ ನೀರು. ಟ್ಯಾಂಕರ್‌ನದ್ದೋ ಬೋರ್‌ವೆಲ್‌ನದ್ದೋ ಎಷ್ಟೋ ಸಲ ಗೊತ್ತೇ ಇರುವುದಿಲ್ಲ, ಟ್ಯಾಂಕ್ ಕೊನೆಯ ಸಲ ತೊಳೆದದ್ದು ಯಾವಾಗ ಅಂತ ಸೊಸೈಟಿಯವರಿಗೂ ಗೊತ್ತಿರುವುದಿಲ್ಲ. ಮೊದಲ ಎರಡು ತೊಳೆತಕ್ಕೆ ಅದು ಇರಲಿ. ಕೊನೆಯ ತೊಳೆತ, ನೆನೆಸುವ ನೀರು, ನಂತರ ಜಾಲಿಸುವ ನೀರು ಎಲ್ಲವೂ ಕುಡಿಯುವ ನೀರೇ ಆಗಬೇಕು. ನಾನು ರಾತ್ರಿ ಒಂದು ಪಾತ್ರೆ ನೀರು ಕುದಿಸಿ ಆರಿಸಿ ಮುಚ್ಚಿಡುತ್ತೇನೆ.

ನೆನೆಯುವ ಹೊತ್ತು ಕಾಲಕ್ಕೆ ತಕ್ಕಂತೆ. ಮೇ ಜೂನ್‌ನಲ್ಲಿ ಹೆಸರುಕಾಳಿಗೆ ಆರು ಗಂಟೆ ಸಾಕು, ನಡುವೆ ಒಮ್ಮೆ ನೀರು ಬದಲಿಸುತ್ತೇನೆ. ಜನವರಿಯಲ್ಲಿ ಹನ್ನೆರಡು ಗಂಟೆಯಾದರೂ ಬೇಕು. ನೆನೆಸಿದ ನೀರನ್ನು ಚೆಲ್ಲಿ, ಸತ್ವ ಇದೆ ಅಂತ ಹಿಟ್ಟು ಕಲಸಲು ಇಟ್ಟುಕೊಳ್ಳಬೇಡಿ. ಕಾಳನ್ನು ಇನ್ನೆರಡು ಸಲ ಜಾಲಿಸಿ ಪೂರ್ತಿ ಬಸಿಯಿರಿ. ಬಸಿಯುವುದರಲ್ಲೇ ಅರ್ಧ ಜನ ಎಡವುತ್ತಾರೆ. ತಳದಲ್ಲಿ ಒಂದು ಚಮಚ ನೀರು ನಿಂತರೂ ಕೆಳಗಿನ ಪದರ ಲೋಳೆಯಾಗುತ್ತದೆ. ತೂತಿನ ಬುಟ್ಟಿಯನ್ನು ಓರೆಯಾಗಿಟ್ಟು ಹತ್ತು ನಿಮಿಷ ಬಿಡಿ.

ಬಟ್ಟೆಯ ವಿಷಯದಲ್ಲಿ ನಾನು ಸ್ವಲ್ಪ ಅತಿ ಮಾಡುತ್ತೇನೆ ಅಂತ ಹೆಂಡತಿ ನಗುತ್ತಾಳೆ. ಆ ಜುಲೈನಲ್ಲಿ ನಮ್ಮ ಮೊಳಕೆ ಬಟ್ಟೆ ಒಂದು ಕಾಳು ಮುಗಿದು ಇನ್ನೊಂದು ಕಾಳಿಗೆ ಹೋಗುವ ನಡುವೆ ಒಣಗುತ್ತಲೇ ಇರಲಿಲ್ಲ, ಮಳೆಗಾಲದ ಗಾಳಿಗೆ ನಲ್ಲಿಯ ಮೇಲೆ ತೂಗುಬಿದ್ದಿರುತ್ತಿತ್ತು. ಆ ನೂಲಿನ ಸಂದಿಗಳಲ್ಲಿ ಹಳೆಯ ಕಾಳಿನ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಈಗ ಎರಡು ಬಟ್ಟೆ ಇವೆ. ಬಳಸಿದ ಬಟ್ಟೆಯನ್ನು ಸೋಪಿನಲ್ಲಿ ಒಗೆದು, ಐದು ನಿಮಿಷ ನೀರಿನಲ್ಲಿ ಕುದಿಸಿ, ಬಿಸಿಲಿಗೆ ಹಾಕಿ ಗರಿಗರಿಯಾದ ಮೇಲೇ ಮತ್ತೆ ಮುಟ್ಟುವುದು. ಮಾರುಕಟ್ಟೆಯ ಮೂರು ಅಂತಸ್ತಿನ ಪ್ಲಾಸ್ಟಿಕ್ ಮೊಳಕೆ ಡಬ್ಬಿ ಬಳಸುವವರು ಅದರ ತೂತುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಬೇಕು, ಬರಿ ನೀರಿಗೆ ಹಿಡಿದರೆ ಸಾಲದು.

ಕಟ್ಟಿದ ಗಂಟನ್ನು ಸಿಂಕಿನಿಂದ ದೂರ, ತರಕಾರಿ ಹೆಚ್ಚುವ ಹಲಗೆಯಿಂದ ದೂರ, ಮಾಂಸ ತರುವ ಮನೆಯಾದರೆ ಅದರಿಂದ ಇನ್ನೂ ದೂರ ಇಡಿ. ಬೇಸಿಗೆಯಲ್ಲಿ ಎಂಟು ಗಂಟೆಗೊಮ್ಮೆ ಬಿಚ್ಚಿ ಜಾಲಿಸಿ ಬಸಿದು ಮತ್ತೆ ಕಟ್ಟಬೇಕು. ಮೊಳಕೆ ಕಾಲು ಇಂಚು ಬಂದರೆ ನಾನು ನಿಲ್ಲಿಸುತ್ತೇನೆ. ಬೇಸಿಗೆಯಲ್ಲಿ ಅದಕ್ಕೆ ಹನ್ನೆರಡರಿಂದ ಹದಿನೆಂಟು ಗಂಟೆ. ಫೋಟೋದಲ್ಲಿ ಚಂದ ಕಾಣುವ ಉದ್ದ ಬಾಲಕ್ಕೆ ಇನ್ನೊಂದು ದಿನ ಬೇಕು, ಆ ಒಂದು ದಿನ ಬ್ಯಾಕ್ಟೀರಿಯಾಕ್ಕೆ ಕೊಟ್ಟ ಬೋನಸ್. ಚಳಿಗಾಲದಲ್ಲಿ ಮೊಳಕೆ ಬರುವುದಿಲ್ಲ ಅಂತ ಗೀಸರ್ ಪಕ್ಕ, ರಜಾಯಿಯೊಳಗೆ ಇಡುವವರಿದ್ದಾರೆ. ಇಡಿ, ಆದರೆ ಬೆಚ್ಚಗಾದಂತೆ ಜಾಲಿಸುವುದೂ ಹೆಚ್ಚಾಗಬೇಕು. ಎರಡು ದಿನವಾದರೂ ಮೊಳೆಯದ ಕಾಳು ಹಳೆಯ ಕಾಳು, ಅದನ್ನು ಮೂರನೇ ದಿನಕ್ಕೆ ಎಳೆಯಬೇಡಿ.

ಮೂಗು ಹತ್ತಿರ ತನ್ನಿ. ಒಳ್ಳೆಯ ಮೊಳಕೆಗೆ ಹಸಿ ಬಟಾಣಿಯ ವಾಸನೆ. ಹುಳಿ ವಾಸನೆ, ಹಳಸಿದ ವಾಸನೆ, ಬೆರಳಿಗೆ ಅಂಟುವ ಲೋಳೆ, ಕಂದು ಬೇರು ಇದ್ದರೆ ಇಡೀ ಗಂಟು ಕಸಕ್ಕೆ. ತೊಳೆದು ಉಳಿಸುವುದು, ಬೇಯಿಸಿ ಉಳಿಸುವುದು ಎರಡೂ ಬೇಡ. ಆದರೆ ಇದರ ವಿರುದ್ಧ ದಿಕ್ಕಿನ ತರ್ಕ ನಡೆಯುವುದಿಲ್ಲ. ವಾಸನೆ ಮಾಡುವುದು ಕೊಳೆಸುವ ಬ್ಯಾಕ್ಟೀರಿಯಾ. ಸಾಲ್ಮೊನೆಲ್ಲಾಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ನಮ್ಮ ಆ ಡಬ್ಬಿಯ ಕಾಳು ಗರಿಗರಿಯಾಗಿ ಚೆನ್ನಾಗಿಯೇ ಇತ್ತು.

ಇನ್ನು ಹಬೆ. ಕಾಳಿನ ನಡುವಿನ ಶಾಖ 75 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಲ್ಮೊನೆಲ್ಲಾ, ಇ. ಕೋಲೈ, ಲಿಸ್ಟೀರಿಯಾ ಉಳಿಯುವುದಿಲ್ಲ. ಹಬೆಗೆ ನೂರು ಡಿಗ್ರಿ ಇದೆ, ಹಾಗಾಗಿ ಸುಲಭ ಅನಿಸುತ್ತದೆ. ಆದರೆ ಪದರ ದಪ್ಪವಾದರೆ ಹಬೆ ಒಳಗೆ ಹೋಗುವುದಿಲ್ಲ. ನಾನು ಆನ್‌ಲೈನ್‌ನಲ್ಲಿ ಮಾಂಸ ಬೇಯಿಸುವವರು ಚುಚ್ಚಿ ನೋಡುವ ಥರ್ಮಾಮೀಟರ್ ತರಿಸಿ ಒಂದು ಭಾನುವಾರ ಅಳೆದೆ. ಕುಕ್ಕರಿನ ಡಬ್ಬಿಯಲ್ಲಿ ಮೂರು ಇಂಚು ದಪ್ಪ ತುಂಬಿ ಐದು ನಿಮಿಷ ಹಬೆಗಿಟ್ಟರೆ ಮೇಲಿನ ಕಾಳು ಬಿಸಿ, ನಡುವಿನದ್ದು ಇನ್ನೂ 60 ಕೂಡ ಮುಟ್ಟಿರಲಿಲ್ಲ. ಅದೇ ಕಾಳನ್ನು ಇಡ್ಲಿ ಪಾತ್ರೆಯ ತೂತಿನ ತಟ್ಟೆಯಲ್ಲಿ ಒಂದು ಬೆರಳು ದಪ್ಪ ಹರಡಿದಾಗ ಐದನೇ ನಿಮಿಷಕ್ಕೆ ಎಲ್ಲ ಕಡೆ 80 ದಾಟಿತ್ತು. ನಾನು ಏಳು ನಿಮಿಷ ಇಡುತ್ತೇನೆ, ಎರಡು ನಿಮಿಷ ನನ್ನ ಸಮಾಧಾನಕ್ಕೆ.

ಲೆಕ್ಕ ಶುರುವಾಗುವುದು ಗ್ಯಾಸ್ ಹಚ್ಚಿದಾಗ ಅಲ್ಲ, ಮುಚ್ಚಳದ ಅಂಚಿನಿಂದ ಹಬೆ ಜೋರಾಗಿ ಬರತೊಡಗಿದಾಗ. ತೆಗೆದ ಮೇಲೆ ನಡುವಿನ ಒಂದು ಕಾಳು ಬಾಯಿಗೆ ಹಾಕಿ ನೋಡಿ. ಹಸಿ ವಾಸನೆ ಹೋಗಿರಬೇಕು, ಹಲ್ಲಿಗೆ ಸ್ವಲ್ಪ ಗಟ್ಟಿ ಸಿಕ್ಕಬೇಕು, ಆಕಾರ ಉಳಿದಿರಬೇಕು. ಇಡ್ಲಿ ಪಾತ್ರೆ ಇಲ್ಲದವರು, ಪೀಜಿಯಲ್ಲಿರುವವರು, ಒಂದು ಪಾತ್ರೆಯಲ್ಲಿ ನೀರು ಕುದಿಸಿ ಕಾಳು ಹಾಕಿ, ನೀರು ಮತ್ತೆ ಕುದಿ ಬಂದ ಮೇಲೆ ಮೂರು ನಿಮಿಷ ಬಿಟ್ಟು ಬಸಿದರಾಯಿತು. ಮೈಕ್ರೋವೇವ್ ಆದರೆ ನೀರು ಚಿಮುಕಿಸಿ, ಮುಚ್ಚಿ, ನಡುವೆ ಎರಡು ಸಲ ಕಲಕಿ. ಅದು ಒಂದು ಕಡೆ ಕುದಿಸುತ್ತದೆ, ಇನ್ನೊಂದು ಕಡೆ ತಣ್ಣಗೆ ಬಿಡುತ್ತದೆ. ಹುರುಳಿಗೆ ಹಬೆ ಸಾಲದು, ಅದಕ್ಕೆ ಕುಕ್ಕರೇ ಬೇಕು. ಮೆಂತ್ಯ ಹಬೆಯಲ್ಲಿ ಬೆಂದರೆ ಕಹಿಯೂ ತುಸು ತಗ್ಗುತ್ತದೆ, ಮೊಸರಿಗೆ ಹಾಕಿ ಒಗ್ಗರಣೆ ಕೊಟ್ಟರೆ ಅಪ್ಪ ಎರಡನೇ ಸಲ ಕೇಳುತ್ತಾರೆ.

ದೆಹಲಿಯಲ್ಲಿರುವುದರಿಂದ ಒಂದು ಎಚ್ಚರಿಕೆ ರಾಜ್ಮಾ ಬಗ್ಗೆ. ಇಲ್ಲಿ ಮಿಕ್ಸ್ ಮೊಳಕೆ ಅಂತ ಕಡಲೆ, ಮಡಿಕೆಕಾಳಿನ ಜೊತೆ ರಾಜ್ಮಾವನ್ನೂ ಸೇರಿಸುವುದುಂಟು. ರಾಜ್ಮಾದ ಸಮಸ್ಯೆ ಬ್ಯಾಕ್ಟೀರಿಯಾ ಅಲ್ಲ, ಕಾಳಿನಲ್ಲೇ ಲೆಕ್ಟಿನ್ ಎಂಬ ವಿಷವಿದೆ. ಹಸಿ ರಾಜ್ಮಾ ಕೆಲವೇ ಕಾಳು ತಿಂದರೂ ಗಂಟೆಗಳಲ್ಲಿ ವಾಂತಿ ಹಿಡಿಯುತ್ತದೆ. ಏಳು ನಿಮಿಷದ ಹಬೆ ಅದಕ್ಕೆ ಉತ್ತರವಲ್ಲ. ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಬೇಕು. ಮೊಳಕೆ ಬಟ್ಟಲಿಗೆ ರಾಜ್ಮಾ ಬೇಡ.

ಸತ್ವ ಹೋಗುವುದಿಲ್ಲವೇ ಎಂದು ಕೇಳಿದ್ದಿರಿ. ವಿಟಮಿನ್ ಸಿ ಸ್ವಲ್ಪ ಹೋಗುತ್ತದೆ, ಹಬೆಯಾದ ಮೇಲೆ ಹಿಂಡಿದ ಅರ್ಧ ನಿಂಬೆ ಅದನ್ನು ತುಂಬಿಕೊಡುತ್ತದೆ. ಪ್ರೋಟೀನ್, ನಾರು, ಕಬ್ಬಿಣ ಎಲ್ಲಿಗೂ ಹೋಗುವುದಿಲ್ಲ. ಬದಲಿಗೆ ಪ್ರೋಟೀನ್ ಅರಗುವುದಕ್ಕೆ ಅಡ್ಡಿ ಮಾಡುವ ಕೆಲವು ಅಂಶಗಳು ಹಬೆಗೆ ನಾಶವಾಗುತ್ತವೆ. ಅಮ್ಮ ಹೇಳುವ ವಾಯುವೂ ಕಡಿಮೆ.

ಬೆಂದ ಮೇಲೆ ಆಗುವ ತಪ್ಪೊಂದಿದೆ, ನಾನೂ ಮಾಡಿದ್ದೇನೆ. ಬೆಂದ ಕಾಳನ್ನು ಮತ್ತೆ ಅದೇ ಮೊಳಕೆ ಬುಟ್ಟಿಗೆ, ಅದೇ ಬಟ್ಟೆಯ ಮೇಲೆ ಆರಲು ಸುರಿಯುವುದು. ಮಾಡಿದ ಕೆಲಸವೆಲ್ಲ ವ್ಯರ್ಥ. ಬೇರೆ ತೊಳೆದ ಪಾತ್ರೆ, ಬೇರೆ ಚಮಚ ಇರಲಿ. ಎರಡು ಗಂಟೆಯೊಳಗೆ ತಿನ್ನಿ, ಇಲ್ಲವೇ ಆರಿದ ಕೂಡಲೇ ಮುಚ್ಚಿ ಫ್ರಿಜ್‌ಗಿಡಿ, ಮಾರನೇ ದಿನಕ್ಕೆ ಮುಗಿಸಿ. ಬೇಯಿಸದ ಮೊಳಕೆಯನ್ನು ಇಡಲೇಬೇಕಾದರೆ ನೀರಿಲ್ಲದಂತೆ ಒರೆಸಿ 5 ಡಿಗ್ರಿಗಿಂತ ಕೆಳಗೆ, ಹೆಚ್ಚೆಂದರೆ ಎರಡು ದಿನ. ಫ್ರಿಜ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ, ಲಿಸ್ಟೀರಿಯಾವಂತೂ ಫ್ರಿಜ್‌ನಲ್ಲೂ ಬೆಳೆಯುತ್ತದೆ. ಬಸುರಿಯರಿಗೆ ಹಸಿ ಮೊಳಕೆ ಬೇಡ ಅನ್ನುವುದಕ್ಕೆ ಮುಖ್ಯ ಕಾರಣ ಅದೇ, ತಾಯಿಗೆ ಸಣ್ಣ ಜ್ವರದಂತೆ ಬಂದು ಹೋದರೂ ಮಗುವಿಗೆ ಪ್ರಾಣಾಪಾಯ. ಐದು ವರ್ಷದೊಳಗಿನ ಮಕ್ಕಳು, ಅರವತ್ತೈದು ದಾಟಿದವರು, ಸಕ್ಕರೆ ಕಾಯಿಲೆಯವರು, ಕೀಮೋ ತೆಗೆದುಕೊಳ್ಳುತ್ತಿರುವವರು, ಇವರ ತಟ್ಟೆಗೆ ಹಸಿ ಮೊಳಕೆ ಬರಕೂಡದು. ನಮ್ಮ ಮನೆಯಲ್ಲಿ ಈ ಪಟ್ಟಿಯಲ್ಲಿರುವವರಿಗೇ ಹುಡುಕಿ ಹುಡುಕಿ ಕೊಟ್ಟಿದ್ದೆ.

ಪಾರ್ಕಿನ ಗೇಟಿನಲ್ಲಿ ಗಾಡಿಯವನ ಹತ್ತಿರ ತಿನ್ನುವ ಅಭ್ಯಾಸ ಇದ್ದರೆ, "ಉಬಾಲಾ ಹೈ ಕ್ಯಾ?" ಅಂತ ಕೇಳಿ. ಕಣ್ಣೆದುರು ಕಾವಲಿಯ ಮೇಲೆ ಹೊಗೆಯಾಡುವಂತೆ ಬಿಸಿ ಮಾಡಿಕೊಟ್ಟರೆ ಸರಿ. ಬೆಳಿಗ್ಗೆಯಿಂದ ಒದ್ದೆ ಬಟ್ಟೆಯಡಿ ಕೂತ ಕಾಳಿಗೆ ಈರುಳ್ಳಿ, ಚಾಟ್ ಮಸಾಲ ಹಾಕಿದರೆ ರುಚಿ ಮಾತ್ರ ಬದಲಾಗುತ್ತದೆ.

ಇಷ್ಟಾಗಿಯೂ ಯಾರಿಗಾದರೂ ಭೇದಿ ಶುರುವಾದರೆ ಓಆರ್‌ಎಸ್ ಕೊಡಿ, ತಿಂದದ್ದನ್ನು ಒಂದು ವಾರ ಹಿಂದಿನವರೆಗೆ ಚೀಟಿಯಲ್ಲಿ ಬರೆದಿಡಿ, ಮೇಲೆ ಉದುರಿಸಿದ್ದನ್ನೂ ಸೇರಿಸಿ. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು, ಮುಖ ಬಿಳಿಚುವುದು ಕಂಡರೆ ಅದೇ ದಿನ ಆಸ್ಪತ್ರೆಗೆ. ರಕ್ತಭೇದಿಗೆ ಭೇದಿ ನಿಲ್ಲಿಸುವ ಮಾತ್ರೆಯನ್ನಾಗಲಿ, ಕೆಮಿಸ್ಟ್ ಕೊಟ್ಟ ಆ್ಯಂಟಿಬಯಾಟಿಕ್ಕನ್ನಾಗಲಿ ಡಾಕ್ಟರನ್ನು ಕೇಳದೆ ನುಂಗಬಾರದು, ಇ. ಕೋಲೈನ ಕೆಲವು ತಳಿಗಳಲ್ಲಿ ಅವು ಕಿಡ್ನಿಯ ಹಾನಿಯನ್ನು ಹೆಚ್ಚಿಸುವ ಭಯವಿದೆ.

ಅಪ್ಪ ಈಗ ಊರಿನಲ್ಲಿದ್ದಾರೆ. ಮೊಳಕೆ ಬಿಟ್ಟಿಲ್ಲ. ಹೋದ ಭಾನುವಾರ ಫೋನ್ ಮಾಡಿದಾಗ ಅಮ್ಮ ಹೇಳಿದಳು: "ಇಡ್ಲಿ ಪಾತ್ರೆ ಎದುರಿಗೆ ವಾಚು ನೋಡ್ಕೊಂಡು ನಿಂತಿರ್ತಾರೆ ಕಣೋ, ನನಗೆ ಇಡ್ಲಿ ಇಡಕ್ಕೆ ಜಾಗ ಬಿಡ್ತಿಲ್ಲ."